ರೂಂ 207ರಲ್ಲಿ ಎ.ಸಿ. ನೀರು ಸೋರುತ್ತಿರುವ ಬಗ್ಗೆ

ಕಾರವಾರ
ಬುಧವಾರ, ಬೆಳಿಗ್ಗೆ 7.30

ಮ್ಯಾನೇಜರ್ ಅವರಿಗೆ ನಮಸ್ಕಾರ.

ನಾನು ಮತ್ತು 74 ವರ್ಷದ ನಮ್ಮ ಆಯಿ ನಿನ್ನೆ ಸಂಜೆ 7ಕ್ಕೆ ಶಿರಸಿಯಿಂದ ಬಂದು ರೂಂ 207ರಲ್ಲಿ ಇದ್ದೇವೆ. ರಾತ್ರಿ 2 ಗಂಟೆ ಹೊತ್ತಿಗೆ, ಮಳೆಗೆ ಮಾಡು ಸೋರುತ್ತಿದೆ ಎಂದುಕೊಂಡು ಆಯಿ ನನ್ನನ್ನು ಎಬ್ಬಿಸಿದರು. ಲೈಟ್ ಹಾಕಿ ನೋಡಿದರೆ ನೀರು ಬರುತ್ತಿದ್ದದ್ದು ಎ.ಸಿ.ಯ ಎಡಗಡೆ ಮೂಲೆಯಿಂದ. ಅವರ ತಲೆದಿಂಬು ಹಿಂಡುವಷ್ಟು ಒದ್ದೆ. ಹಾಸಿಗೆಯ ತಲೆಕಡೆ, ಬೆಡ್‌ಶೀಟಿನ ಮೇಲೆ ಚಹಾ ಚೆಲ್ಲಿದ ಹಾಗೆ ಕಂದು ಕಲೆ. ಎ.ಸಿ. ಬಂದ್ ಮಾಡಿದ ಮೇಲೂ ಸುಮಾರು ಹೊತ್ತು ಹನಿಯುತ್ತಲೇ ಇತ್ತು. ನೀರು ಹೊರಗೆ ಹೋಗುವ ಪೈಪು ಕಟ್ಟಿಕೊಂಡಿರಬೇಕು. ಈ ತೇವದ ಹವೆಯಲ್ಲಿ ಎ.ಸಿ.ಯಿಂದ ನೀರು ಜಾಸ್ತಿಯೇ ಬರುತ್ತದೆ.

ಕೌಂಟರಿನಲ್ಲಿದ್ದ ಹುಡುಗ ಆ ಹೊತ್ತಿನಲ್ಲೂ ಬೇಸರ ಮಾಡದೆ ಬಕೆಟ್, ಎರಡು ಟವೆಲ್ ತಂದುಕೊಟ್ಟ. ಬೇರೆ ರೂಂ ಖಾಲಿ ಇಲ್ಲ, ಬೆಳಿಗ್ಗೆ ನಿಮ್ಮನ್ನೇ ಕೇಳಬೇಕು ಎಂದ. ಆಯಿಯನ್ನು ನನ್ನ ಮಗ್ಗುಲಿಗೆ ಮಲಗಿಸಿಕೊಂಡೆ. ಅವರಿಗೆ ಮತ್ತೆ ನಿದ್ದೆ ಹತ್ತಲಿಲ್ಲ.

ಬಾಗಿಲ ಹಿಂದೆ ಅಂಟಿಸಿದ ನಿಯಮಗಳ ಹಾಳೆ ಎತ್ತರದಲ್ಲಿದೆ, ಅಕ್ಷರ ಸಣ್ಣದು. ಮೊಬೈಲಿನಲ್ಲಿ ಫೋಟೋ ತೆಗೆದು, ದೊಡ್ಡದು ಮಾಡಿ ಈಗ ಓದಿದೆ. 6ನೇ ನಿಯಮದಲ್ಲಿ, ರೂಮಿನ ತೊಂದರೆಯನ್ನು ಚೆಕ್-ಇನ್ ಆದ ಒಂದು ಗಂಟೆಯೊಳಗೆ ತಿಳಿಸಬೇಕು, ಆಮೇಲೆ ರೂಂ ಬದಲಿಸಿಕೊಡುವುದಿಲ್ಲ ಎಂದಿದೆ. 9ನೇ ನಿಯಮದಲ್ಲಿ, ಹಾಸಿಗೆ ಅಥವಾ ಬೆಡ್‌ಶೀಟಿಗೆ ಕಲೆಯಾದರೆ 1,000 ರೂಪಾಯಿ ಎಂದಿದೆ. ಇದನ್ನು ಓದಿದ ಮೇಲೆಯೇ ಬರೆದು ಕೊಡುವುದು ಒಳ್ಳೆಯದು ಅನ್ನಿಸಿತು.

ಸಂಜೆ 8 ಗಂಟೆಯೊಳಗೆ ಹೇಳೋಣವೆಂದರೆ ಆಗ ನೀರು ಸೋರುತ್ತಲೇ ಇರಲಿಲ್ಲ. ಶುರುವಾದದ್ದು ರಾತ್ರಿ 2ಕ್ಕೆ, ಕೌಂಟರಿಗೆ ಫೋನ್ ಮಾಡಿದ್ದು 2.10ಕ್ಕೆ. ಕಲೆ ನಮ್ಮಿಂದ ಆದದ್ದಲ್ಲ. ನೀರು ಹನಿಯುತ್ತಿರುವ ವಿಡಿಯೋ, ಹಾಸಿಗೆಯ ಫೋಟೋ ಎರಡೂ ನನ್ನ ಹತ್ತಿರ ಇವೆ, ಟೈಮ್ ಸಮೇತ. ದಯವಿಟ್ಟು ಆ 1,000 ರೂಪಾಯಿ ನಮ್ಮ ಬಿಲ್ಲಿಗೆ ಸೇರಿಸಬೇಡಿ.

ಇವತ್ತು ರಾತ್ರಿಯೂ ಇಲ್ಲೇ ಉಳಿಯುವವರು ನಾವು. ಬೇರೆ ರೂಂ ಕೊಡಿ, ಆದರೆ ಕೆಳಗಿನದ್ದೇ ಆಗಲಿ. ಆಯಿಗೆ ಮಂಡಿನೋವು, ಮೆಟ್ಟಿಲು ಹತ್ತಿಳಿಯುವುದು ಕಷ್ಟ. ಎ.ಸಿ. ಇಲ್ಲದಿದ್ದರೂ ನಡೆಯುತ್ತದೆ, ಫ್ಯಾನ್ ಸಾಕು. ಹಾಗಾದರೆ ಬಾಡಿಗೆಯನ್ನೂ ನಾನ್-ಎ.ಸಿ. ರೇಟಿಗೇ ಹಾಕಬೇಕು. 207ರ ಹಾಸಿಗೆ ಒಳಗಿನ ತನಕ ನೆನೆದಿದೆ, ಮೇಲೆ ಬೇರೆ ಬೆಡ್‌ಶೀಟ್ ಹಾಸಿ ಇನ್ನೊಬ್ಬರಿಗೆ ಕೊಡಬೇಡಿ. ಈ ಮಳೆಯಲ್ಲಿ ಅದು ಒಂದೆರಡು ದಿನಕ್ಕೆ ಒಣಗುವಂಥದ್ದಲ್ಲ.

ನೀವು 9ಕ್ಕೆ ಬರುತ್ತೀರಂತೆ. ಡಿಸಿ ಆಫೀಸಿನಲ್ಲಿ ಆಯಿಯ ಕೆಲಸ ಇರುವುದರಿಂದ ನಾವು 8.30ಕ್ಕೇ ಹೊರಡುತ್ತೇವೆ. ಚೀಟಿ ಕೌಂಟರಿನಲ್ಲಿ ಕೊಟ್ಟಿದ್ದೇನೆ, ರಿಜಿಸ್ಟರಿನಲ್ಲಿ ನನ್ನ ಫೋನ್ ನಂಬರ್ ಇದೆ. ನಮ್ಮ ಎರಡು ಬ್ಯಾಗು ಕಟ್ಟಿ ಬಾಗಿಲ ಪಕ್ಕ ಇಟ್ಟಿದ್ದೇವೆ, ಬೇರೆ ರೂಮಿಗೆ ಸಾಗಿಸಲು ಅಡ್ಡಿಯಿಲ್ಲ. ಸಂಜೆ 5ರ ಹೊತ್ತಿಗೆ ವಾಪಸ್ ಬರುತ್ತೇವೆ.

ಸವಿತಾ
ರೂಂ 207