ವೈದ್ಯರ ಪರಿಚಯ: ನನ್ನ ತರಬೇತಿ, ಚಿಕಿತ್ಸಾ ಕ್ಷೇತ್ರ ಮತ್ತು ಅದರ ಮಿತಿ

ನಾನು ಆಯುರ್ವೇದ ವೈದ್ಯೆ. ಶಿವಮೊಗ್ಗದ ಈ ಚಿಕಿತ್ಸಾಲಯವನ್ನು 2018ರಿಂದ ನಡೆಸುತ್ತಿದ್ದೇನೆ. ನನ್ನ ಹೆಸರು, ಪದವಿ ಮತ್ತು ನೋಂದಣಿ ಸಂಖ್ಯೆಗಳಿರುವ ಪ್ರಮಾಣಪತ್ರವನ್ನು ಒಳಗೆ ಬರುತ್ತಲೇ ಕಾಣುವಂತೆ ಗೋಡೆಗೆ ಹಾಕಿದ್ದೇನೆ. ಚಿಕಿತ್ಸೆಗೆ ಒಪ್ಪುವ ಮೊದಲು ಅದನ್ನು ಓದುವ ಹಕ್ಕು ನಿಮಗಿದೆ; ಓದಿದರೆ ನನಗೆ ಬೇಸರವೇನೂ ಇಲ್ಲ.

ಮೊದಲ ಭೇಟಿಯಲ್ಲಿ ಬಹಳಷ್ಟು ಜನ ನಮ್ಮದು ಎಷ್ಟು ತಲೆಮಾರಿನ ವೈದ್ಯ ಮನೆತನ ಎಂದು ಕೇಳುತ್ತಾರೆ. ನಮ್ಮ ಮನೆಯಲ್ಲಿ ನನಗಿಂತ ಮೊದಲು ವೈದ್ಯರಾದವರು ಯಾರೂ ಇಲ್ಲ. ತಂದೆ ಹೊಲಿಗೆಯ ಕೆಲಸದಲ್ಲಿದ್ದರು. ನನಗೆ ತಿಳಿದಿರುವುದೆಲ್ಲ ಕಾಲೇಜಿನಲ್ಲಿ, ಆಸ್ಪತ್ರೆಯ ವಾರ್ಡಿನಲ್ಲಿ ಮತ್ತು ರೋಗಿಗಳ ಬಳಿ ಕಲಿತದ್ದು. ಪರಂಪರೆಯಿಂದ ಬಂದ ವಿದ್ಯೆಯ ಬಗ್ಗೆ ನನಗೆ ಗೌರವವಿದೆ, ಆದರೆ ಇಲ್ಲದ ಪರಂಪರೆಯನ್ನು ಫಲಕದ ಮೇಲೆ ಬರೆಸಿಕೊಳ್ಳಲಾರೆ.

2003ರಲ್ಲಿ ಬಿ.ಎ.ಎಂ.ಎಸ್. ಪದವಿಗೆ ಸೇರಿದೆ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಒಳಪಟ್ಟ ಕಾಲೇಜಿನಲ್ಲಿ ನಾಲ್ಕೂವರೆ ವರ್ಷಗಳ ಓದು ಮತ್ತು ಒಂದು ವರ್ಷದ ಇಂಟರ್ನ್‌ಶಿಪ್ ಮುಗಿಸಿ 2009ರಲ್ಲಿ ಹೊರಬಂದೆ. ಈ ಪದವಿಯಲ್ಲಿ ಸಂಹಿತೆಗಳ ಜೊತೆಗೆ ಶರೀರ ರಚನೆ, ಶರೀರ ಕ್ರಿಯೆ, ರೋಗನಿದಾನ, ದ್ರವ್ಯಗುಣ, ರಸಶಾಸ್ತ್ರ, ಅಗದತಂತ್ರ, ಪ್ರಸೂತಿ, ಕೌಮಾರಭೃತ್ಯ, ಶಲ್ಯ, ಶಾಲಾಕ್ಯ ಮುಂತಾದ ವಿಷಯಗಳಿರುತ್ತವೆ. ರಕ್ತಪರೀಕ್ಷೆಯ ವರದಿಯನ್ನು ಓದುವುದನ್ನೂ ಕಲಿಸಲಾಗುತ್ತದೆ. ಆನಂತರ 2010ರಿಂದ 2013ರವರೆಗೆ ದೇಹದ ಒಳರೋಗಗಳ ಚಿಕಿತ್ಸೆಯಾದ ಕಾಯಚಿಕಿತ್ಸೆಯಲ್ಲಿ ಎಂ.ಡಿ. (ಆಯುರ್ವೇದ) ಮಾಡಿದೆ. ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು: ಇದು ಆಯುರ್ವೇದದ ಸ್ನಾತಕೋತ್ತರ ಪದವಿಯೇ ಹೊರತು ಆಧುನಿಕ ವೈದ್ಯಪದ್ಧತಿಯ ಎಂ.ಡಿ. ಅಲ್ಲ, ಆದ್ದರಿಂದ ನನ್ನನ್ನು ಮೂಳೆತಜ್ಞೆ ಎಂದೋ ಹೊಟ್ಟೆಯ ಕಾಯಿಲೆಗಳ ತಜ್ಞೆ ಎಂದೋ ಪರಿಚಯಿಸುವುದು ಸರಿಯಲ್ಲ.

ಎಂ.ಡಿ. ಮುಗಿಸಿ ನಾಲ್ಕು ವರ್ಷ ಒಳರೋಗಿ ವಿಭಾಗವಿದ್ದ ಆಯುರ್ವೇದ ಆಸ್ಪತ್ರೆಯೊಂದರಲ್ಲಿ ಕೆಲಸ ಮಾಡಿದೆ. ದೇಹಶೋಧನೆಯ ಐದು ಚಿಕಿತ್ಸೆಗಳಾದ ಪಂಚಕರ್ಮದ ನಿಜವಾದ ಅಭ್ಯಾಸವಾದದ್ದು ಅಲ್ಲಿ. ಯಾರಿಗೆ ವಿರೇಚನ, ಅಂದರೆ ಭೇದಿ ಮಾಡಿಸುವ ಚಿಕಿತ್ಸೆ, ಕೊಡಬೇಕು ಎಂಬುದಕ್ಕಿಂತ ಯಾರಿಗೆ ಕೊಡಬಾರದು ಎಂಬುದನ್ನು ತಿಳಿಯಲು ಹೆಚ್ಚು ಕಾಲ ಹಿಡಿಯುತ್ತದೆ ಎಂಬುದು ಆ ನಾಲ್ಕು ವರ್ಷಗಳಲ್ಲಿ ನನಗೆ ಮನದಟ್ಟಾಯಿತು.

ನನ್ನ ಬಳಿ ಬರುವವರಲ್ಲಿ ಹೆಚ್ಚಿನವರು ಮಂಡಿ, ಸೊಂಟ ಮತ್ತು ಕುತ್ತಿಗೆಯ ದೀರ್ಘಕಾಲದ ನೋವಿನವರು. ವಯಸ್ಸಿನೊಂದಿಗೆ ಬರುವ ಮಂಡಿಸವೆತವನ್ನು ನಮ್ಮ ಶಾಸ್ತ್ರದ ಸಂಧಿಗತವಾತಕ್ಕೆ ಹೋಲಿಸಿ ನೋಡುತ್ತೇವೆ. ಸೊಂಟದಿಂದ ಕಾಲಿನ ಹಿಂಭಾಗಕ್ಕೆ ಇಳಿಯುವ ನೋವನ್ನು ಗೃಧ್ರಸೀ ಎಂದು ಕರೆಯುತ್ತೇವೆ. ಇವುಗಳಿಗೆ ಎಣ್ಣೆ ಹಚ್ಚುವ ಅಭ್ಯಂಗ, ಆವಿ ಕೊಡುವ ಸ್ವೇದನ, ಜಾನುಬಸ್ತಿ, ಕಟಿಬಸ್ತಿ, ಬಸ್ತಿಕರ್ಮ ಮತ್ತು ಹೊಟ್ಟೆಗೆ ತೆಗೆದುಕೊಳ್ಳುವ ಔಷಧಗಳನ್ನು ರೋಗಿಯ ಬಲ ನೋಡಿ ಯೋಜಿಸುತ್ತೇನೆ. ಜಾನುಬಸ್ತಿ ಎಂದರೆ ಮಂಡಿಯ ಮೇಲೆ ಉದ್ದಿನ ಹಿಟ್ಟಿನ ಕಟ್ಟೆ ಕಟ್ಟಿ, ಅದರೊಳಗೆ ಬೆಚ್ಚಗಿನ ತೈಲವನ್ನು ಸುಮಾರು ಅರ್ಧ ಗಂಟೆ ನಿಲ್ಲಿಸುವುದು; ಸೊಂಟದ ಮೇಲೆ ಹೀಗೆ ಮಾಡಿದರೆ ಅದು ಕಟಿಬಸ್ತಿ. ಹೆಸರಿನಲ್ಲಿ ಬಸ್ತಿ ಎಂದಿದ್ದರೂ ಗುದಮಾರ್ಗವಾಗಿ ಕೊಡುವ ಬಸ್ತಿಕರ್ಮಕ್ಕೂ ಇದಕ್ಕೂ ಸಂಬಂಧವಿಲ್ಲವೆಂದು ಮೊದಲೇ ಹೇಳಿಬಿಟ್ಟರೆ ಅನೇಕರ ಮುಖದ ಆತಂಕ ಇಳಿಯುತ್ತದೆ. ಈ ಚಿಕಿತ್ಸೆಗಳ ಉದ್ದೇಶ ನೋವು ಮತ್ತು ಬಿಗಿತವನ್ನು ತಗ್ಗಿಸಿ ನಡೆದಾಟವನ್ನು ಸುಲಭಗೊಳಿಸಲು ಪ್ರಯತ್ನಿಸುವುದು. ಸವೆದ ಮೃದ್ವಸ್ಥಿಯನ್ನು ಮತ್ತೆ ಬೆಳೆಸುತ್ತೇನೆಂದಾಗಲಿ, ವೈದ್ಯರು ಅಗತ್ಯವೆಂದಿರುವ ಶಸ್ತ್ರಚಿಕಿತ್ಸೆಯನ್ನು ಖಂಡಿತವಾಗಿ ತಪ್ಪಿಸುತ್ತೇನೆಂದಾಗಲಿ ನಾನು ಹೇಳುವುದಿಲ್ಲ. ಕೆಲವರಿಗೆ ಹಾಯೆನಿಸುತ್ತದೆ, ಕೆಲವರಿಗೆ ಸ್ವಲ್ಪ ಕಾಲ ಮಾತ್ರ ಹಾಯೆನಿಸುತ್ತದೆ, ಇನ್ನು ಕೆಲವರಿಗೆ ಯಾವ ವ್ಯತ್ಯಾಸವೂ ಕಾಣುವುದಿಲ್ಲ. ಈ ವಿಷಯದಲ್ಲಿ ಸಂಶೋಧನೆಗಳು ನಡೆದಿವೆ, ಆದರೆ ಅವುಗಳಲ್ಲಿ ಹಲವು ಸಣ್ಣ ಪ್ರಮಾಣದವು. ಅವನ್ನು ತೋರಿಸಿ ಭರವಸೆ ಮಾರುವುದು ನನಗೆ ಒಪ್ಪಿಗೆಯಿಲ್ಲ.

ಎರಡನೆಯದು ಜೀರ್ಣಕ್ಕೆ ಸಂಬಂಧಿಸಿದ ತೊಂದರೆಗಳು: ಹಸಿವಿಲ್ಲದಿರುವುದು, ಹುಳಿತೇಗು, ಹೊಟ್ಟೆಯುಬ್ಬರ, ಬಹುಕಾಲದ ಮಲಬದ್ಧತೆ. ಇಲ್ಲಿ ಔಷಧಕ್ಕಿಂತ ಊಟದ ಹೊತ್ತು, ನಿದ್ದೆ ಮತ್ತು ಪಥ್ಯದ ಬಗ್ಗೆಯೇ ಹೆಚ್ಚು ಮಾತಾಡುತ್ತೇನೆ, ಔಷಧವನ್ನೇ ನಿರೀಕ್ಷಿಸಿ ಬಂದವರಿಗೆ ಇದು ಕೆಲವೊಮ್ಮೆ ನಿರಾಸೆ ತರುತ್ತದೆ. ಮಲದಲ್ಲಿ ರಕ್ತ, ಕಾರಣವಿಲ್ಲದೆ ಇಳಿಯುವ ತೂಕ, ನುಂಗಲು ಕಷ್ಟ, ಇವುಗಳಲ್ಲಿ ಯಾವುದಿದ್ದರೂ ಮೊದಲು ಎಂಡೋಸ್ಕೋಪಿ ಮುಂತಾದ ತಪಾಸಣೆಗೆ ಕಳಿಸುತ್ತೇನೆ. ಕಾರಣ ತಿಳಿಯುವವರೆಗೆ ಚಿಕಿತ್ಸೆ ಆರಂಭಿಸುವುದಿಲ್ಲ. ಸೊಂಟನೋವಿನ ಜೊತೆ ಮೂತ್ರ ಅಥವಾ ಮಲದ ಮೇಲಿನ ಹತೋಟಿ ತಪ್ಪಿದ್ದರೆ, ಕಾಲಿನ ಬಲ ಕುಂದುತ್ತಿದ್ದರೆ ಅದು ತುರ್ತುಸ್ಥಿತಿ. ಅಂಥವರು ಇಲ್ಲಿ ಸಾಲಿನಲ್ಲಿ ಕಾಯದೆ ನೇರವಾಗಿ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಎದೆನೋವು, ಪಾರ್ಶ್ವವಾಯುವಿನ ಲಕ್ಷಣ, ಮೂಳೆಮುರಿತ, ಎಳೆಯ ಕೂಸಿನ ಜ್ವರ ಇವುಗಳನ್ನೂ ನಾನು ನೋಡುವುದಿಲ್ಲ. ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆಯುತ್ತಿರುವವರು ಅದನ್ನು ಬಿಟ್ಟು ಇಲ್ಲಿಗೆ ಬರಬಾರದು.

“ಪೂರ್ತಿ ವಾಸಿಯಾಗುತ್ತದೆ ಎಂದು ಗ್ಯಾರಂಟಿ ಕೊಡ್ತೀರಾ ಡಾಕ್ಟ್ರೇ?” ಎಂಬ ಪ್ರಶ್ನೆ ವಾರಕ್ಕೆ ಹಲವು ಬಾರಿಯಾದರೂ ಬರುತ್ತದೆ. ಕೊಡುವುದಿಲ್ಲ. ಕಾನೂನು ಒಂದು ಕಾರಣ: ಮಧುಮೇಹ, ಕ್ಯಾನ್ಸರ್, ಅಪಸ್ಮಾರ, ಪಾರ್ಶ್ವವಾಯು ಸೇರಿದಂತೆ ಅನೇಕ ರೋಗಗಳನ್ನು ಗುಣಪಡಿಸುತ್ತೇವೆಂದು ಔಷಧಗಳ ಜಾಹೀರಾತು ನೀಡುವುದನ್ನು 1954ರ ಕೇಂದ್ರ ಕಾಯ್ದೆ ನಿಷೇಧಿಸಿದೆ. ಆದರೆ ನನ್ನ ಮಟ್ಟಿಗೆ ಅದಕ್ಕಿಂತ ಹಳೆಯ ಕಾರಣ ಶಾಸ್ತ್ರದಲ್ಲೇ ಇದೆ. ಚರಕಸಂಹಿತೆಯ ಸೂತ್ರಸ್ಥಾನದ ಹತ್ತನೆಯ ಅಧ್ಯಾಯವು ರೋಗಗಳನ್ನು ಸುಖಸಾಧ್ಯ, ಕೃಚ್ಛ್ರಸಾಧ್ಯ, ಯಾಪ್ಯ ಮತ್ತು ಚಿಕಿತ್ಸೆಗೆ ಒಳಪಡದವು ಎಂದು ವಿಂಗಡಿಸುತ್ತದೆ. ಯಾಪ್ಯ ಎಂದರೆ ಪಥ್ಯ ಮತ್ತು ಔಷಧಗಳ ಆಸರೆಯಲ್ಲಿ ತಡೆದುಕೊಂಡು ಹೋಗಬಹುದಾದ, ಆದರೆ ಬೇರುಸಹಿತ ಕೀಳಲಾಗದ ರೋಗ. ಅಸಾಧ್ಯವಾದದ್ದಕ್ಕೆ ಕೈಹಾಕುವ ವೈದ್ಯ ಹಣ, ವಿದ್ಯೆ, ಯಶಸ್ಸುಗಳನ್ನು ಕಳೆದುಕೊಳ್ಳುತ್ತಾನೆಂದು ಅದೇ ಅಧ್ಯಾಯ ಎಚ್ಚರಿಸುತ್ತದೆ. ನನ್ನ ಬಳಿ ಬರುವ ದೀರ್ಘಕಾಲದ ನೋವುಗಳಲ್ಲಿ ಬಹುಪಾಲು ಯಾಪ್ಯದ ಗುಂಪಿನವು, ಮತ್ತು ಅದನ್ನು ಮೊದಲ ದಿನವೇ ಹೇಳುತ್ತೇನೆ. ಆಯುರ್ವೇದದಲ್ಲಿ ಎಲ್ಲಕ್ಕೂ ಮದ್ದಿದೆ ಎನ್ನುವವರು ಈ ಅಧ್ಯಾಯವನ್ನು ಓದಿಲ್ಲವೆಂದೇ ನನ್ನ ಅನಿಸಿಕೆ.

ಮೊದಲ ಭೇಟಿಗೆ ಸುಮಾರು ನಲವತ್ತು ನಿಮಿಷ ಬೇಕು. ಹುಟ್ಟಿನಿಂದ ಬಂದ ಪ್ರಕೃತಿ, ರೋಗದಿಂದಾದ ವಿಕೃತಿ, ಮನೋಬಲವಾದ ಸತ್ತ್ವ, ದೇಹಕ್ಕೆ ಒಗ್ಗಿದ ಸಾತ್ಮ್ಯ, ಆಹಾರಶಕ್ತಿ, ವ್ಯಾಯಾಮಶಕ್ತಿ, ವಯಸ್ಸು ಮೊದಲಾದ ದಶವಿಧ ಪರೀಕ್ಷೆಯ ಅಂಶಗಳನ್ನು ಕೇಳಿ, ನೋಡಿ, ಮುಟ್ಟಿ ತಿಳಿಯುತ್ತೇನೆ. ನಾಡಿಯನ್ನೂ ನೋಡುತ್ತೇನೆ; ಆದರೆ ಬರೀ ನಾಡಿ ಹಿಡಿದು ಸಕ್ಕರೆಯ ಪ್ರಮಾಣವನ್ನೋ ಗಡ್ಡೆಯ ಗಾತ್ರವನ್ನೋ ಹೇಳುವುದು ನನಗೆ ಸಾಧ್ಯವಿಲ್ಲ. ಅಗತ್ಯವಿದ್ದರೆ ರಕ್ತಪರೀಕ್ಷೆ ಅಥವಾ ಎಕ್ಸ್‌ರೇ ಮಾಡಿಸಿ ತರಲು ಹೇಳುತ್ತೇನೆ.

ಪಂಚಕರ್ಮದ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಎಣ್ಣೆ ಹಚ್ಚಿ ಆವಿ ಕೊಡುವುದಕ್ಕೇ ಆ ಹೆಸರು ಬಳಕೆಯಾಗುತ್ತಿದೆ. ಅಭ್ಯಂಗ ಮತ್ತು ಸ್ವೇದನಗಳು ಪೂರ್ವಕರ್ಮ, ಅಂದರೆ ಸಿದ್ಧತೆ. ಉದಾಹರಣೆಗೆ ವಿರೇಚನಕ್ಕೆ ಮೂರರಿಂದ ಏಳು ದಿನ ಔಷಧೀಯ ತುಪ್ಪ ಅಥವಾ ತೈಲವನ್ನು ಕುಡಿಸಿ, ಆಮೇಲೆ ಅಭ್ಯಂಗ ಸ್ವೇದನಗಳನ್ನು ಮಾಡಿ, ನಿಗದಿತ ದಿನ ವಿರೇಚನದ ಔಷಧ ಕೊಟ್ಟು, ನಂತರ ಗಂಜಿಯಿಂದ ಆರಂಭಿಸಿ ಹಂತಹಂತವಾಗಿ ಎಂದಿನ ಊಟಕ್ಕೆ ಮರಳುವ ಸಂಸರ್ಜನ ಕ್ರಮವನ್ನು ಪಾಲಿಸಬೇಕಾಗುತ್ತದೆ. ಹೀಗಾಗಿ ಎರಡು ದಿನದ ರಜೆಯಲ್ಲಿ ಮುಗಿಯುವ ಕೆಲಸ ಇದಲ್ಲ. ಗರ್ಭಿಣಿಯರಿಗೆ, ತೀರ ನಿಶ್ಶಕ್ತರಿಗೆ, ಹೃದಯ ಅಥವಾ ಮೂತ್ರಪಿಂಡದ ಗಂಭೀರ ಕಾಯಿಲೆಯಿರುವವರಿಗೆ ವಿರೇಚನವನ್ನು ಇಲ್ಲಿ ಮಾಡುವುದಿಲ್ಲ. ನಿರ್ಜಲೀಕರಣ, ತಲೆಸುತ್ತು, ಹೊಟ್ಟೆನುಲಿತದಂಥ ತೊಂದರೆಗಳು ಆಗಬಹುದೆಂದು ತಿಳಿಸಿ, ಬರಹದಲ್ಲಿ ಒಪ್ಪಿಗೆ ಪಡೆದ ಮೇಲೆಯೇ ಆರಂಭಿಸುತ್ತೇನೆ. ಮಹಿಳೆಯರ ಅಭ್ಯಂಗವನ್ನು ಮಹಿಳಾ ಚಿಕಿತ್ಸಾ ಸಹಾಯಕಿಯೇ ಮಾಡುತ್ತಾರೆ.

ಔಷಧಗಳನ್ನು ಪರವಾನಗಿ ಇರುವ ತಯಾರಕರಿಂದಲೇ ತರಿಸುತ್ತೇನೆ. ಹೆಸರಿಲ್ಲದ ಪೊಟ್ಟಣದ ಪುಡಿ ಇಲ್ಲಿ ಸಿಗುವುದಿಲ್ಲ. ಚೀಟಿಯಲ್ಲಿ ಪ್ರತಿ ಔಷಧದ ಹೆಸರನ್ನು ಬಿಡಿಸಿ ಬರೆಯುತ್ತೇನೆ, ಏಕೆಂದರೆ ನೀವು ಬೇರೆ ವೈದ್ಯರ ಬಳಿ ಹೋದಾಗ ಅವರಿಗೂ ಅದು ತಿಳಿಯಬೇಕು. ಗಿಡಮೂಲಿಕೆ ಎಂದ ಮಾತ್ರಕ್ಕೆ ಅಡ್ಡಪರಿಣಾಮ ಇಲ್ಲವೆಂಬ ಮಾತು ಸರಿಯಲ್ಲ. ಯಷ್ಟಿಮಧುವನ್ನು ಹೆಚ್ಚು ದಿನ ಸೇವಿಸಿದರೆ ರಕ್ತದೊತ್ತಡ ಏರಬಹುದು, ಪೊಟ್ಯಾಸಿಯಂ ಇಳಿಯಬಹುದು. ಅಶ್ವಗಂಧದ ಸೇವನೆಯ ನಂತರ ಕೆಲವರಲ್ಲಿ ಯಕೃತ್ತಿಗೆ ಹಾನಿಯಾದ ವರದಿಗಳಿವೆ. ಆಸವ ಅರಿಷ್ಟಗಳಲ್ಲಿ ಹುದುಗುವಾಗ ಹುಟ್ಟಿದ ಮದ್ಯಸಾರವಿರುತ್ತದೆ, ಲೇಹ್ಯಗಳಲ್ಲಿ ಬೆಲ್ಲ ಅಥವಾ ಸಕ್ಕರೆ ಇರುತ್ತದೆ. ಮಧುಮೇಹಿಗಳು ಇದನ್ನು ಕೇಳಿ ತಿಳಿದುಕೊಳ್ಳಬೇಕು. ಪಾದರಸ, ಸೀಸಗಳಂಥ ಲೋಹಗಳಿರುವ ರಸೌಷಧಗಳನ್ನು ಓದಿದ್ದೇನೆ, ಆದರೆ ಈ ಚಿಕಿತ್ಸಾಲಯದಲ್ಲಿ ಬಳಸುವುದಿಲ್ಲ. ಇದು ನನ್ನ ಸ್ವಂತ ನಿರ್ಧಾರ. ಇದನ್ನು ಒಪ್ಪದ ಸಹೋದ್ಯೋಗಿಗಳೂ ಇದ್ದಾರೆ.

ರಕ್ತದೊತ್ತಡ, ಮಧುಮೇಹ, ಥೈರಾಯ್ಡ್, ಅಪಸ್ಮಾರ ಅಥವಾ ಆಮವಾತವನ್ನು ಹೋಲುವ ಕೀಲುರೋಗಗಳಿಗೆ ನೀವು ತೆಗೆದುಕೊಳ್ಳುತ್ತಿರುವ ಮಾತ್ರೆಗಳನ್ನು ನಿಲ್ಲಿಸುವಂತೆ ನಾನು ಹೇಳುವುದಿಲ್ಲ. ಪ್ರಮಾಣ ಬದಲಿಸಬೇಕೆನಿಸಿದರೆ ಅದನ್ನು ಬರೆದುಕೊಟ್ಟ ವೈದ್ಯರನ್ನೇ ಕೇಳಬೇಕು. ಅವರಿಗೆ ತೋರಿಸಲು ನನ್ನ ಚಿಕಿತ್ಸೆಯ ವಿವರವನ್ನು ಬರೆದುಕೊಡುತ್ತೇನೆ.

ಸೋಮವಾರದಿಂದ ಶನಿವಾರದವರೆಗೆ ಬೆಳಗ್ಗೆ 9.30ರಿಂದ ಮಧ್ಯಾಹ್ನ 1ರವರೆಗೆ ಮತ್ತು ಸಂಜೆ 4.30ರಿಂದ 7ರವರೆಗೆ ನಾನು ಸಿಗುತ್ತೇನೆ. ಮೊದಲ ಭೇಟಿಯ ಶುಲ್ಕ 300 ರೂಪಾಯಿ. ಚಿಕಿತ್ಸೆ ಮತ್ತು ಔಷಧದ ಖರ್ಚನ್ನು ಆರಂಭಿಸುವ ಮೊದಲೇ ಬರೆದು ತೋರಿಸಲಾಗುತ್ತದೆ. ಬರುವಾಗ ಈಗ ಸೇವಿಸುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿಗಳನ್ನು, ಹಳೆಯ ವರದಿಗಳನ್ನು ತನ್ನಿ. ಯಾವುದೇ ಔಷಧ ಒಗ್ಗದಿದ್ದ ನೆನಪಿದ್ದರೆ, ಗರ್ಭಿಣಿಯಾಗಿದ್ದರೆ ಅಥವಾ ಮಗುವಿಗೆ ಹಾಲುಣಿಸುತ್ತಿದ್ದರೆ ಮಾತಿನ ಆರಂಭದಲ್ಲೇ ತಿಳಿಸಿ. ನಾಲ್ಕರಿಂದ ಆರು ವಾರಗಳ ನಂತರ ಕೂತು ನೋಡುತ್ತೇವೆ. ಅಷ್ಟರಲ್ಲಿ ಏನೂ ಬದಲಾವಣೆ ಕಾಣದಿದ್ದರೆ ಅದೇ ಚಿಕಿತ್ಸೆಯನ್ನು ಎಳೆಯದೆ, ಮುಂದೆ ಯಾರನ್ನು ಕಾಣಬೇಕೆಂಬ ಪತ್ರವನ್ನು ಕೊಟ್ಟು ಕಳಿಸುತ್ತೇನೆ.