ಎರಡೆಕರೆ ಹತ್ತು ಗುಂಟೆ

ರಾತ್ರಿಯ ಊಟ ಮುಗಿದ ಮೇಲೆ ಶಿವಣ್ಣ ತಗಡಿನ ಪೆಟ್ಟಿಗೆಯಿಂದ ಛಾಪಾ ಕಾಗದವೊಂದನ್ನು ತೆಗೆದು, ತಂಗಿಯ ಮುಂದೆ ಚಾಪೆಯ ಮೇಲಿಟ್ಟು, ಗಾಳಿಗೆ ಹಾರದಂತೆ ಅದರ ಅಂಚಿಗೆ ಅವ್ವನ ಅಡಕತ್ತರಿಯನ್ನು ಹೇರಿದನು.

"ನಾಳೆ ಮಂಡ್ಯಕ್ಕೆ ಹೋಗಿ ರಿಜಿಸ್ಟ್ರಿ ಮುಗಿಸಿಕೊಂಡು ಬರೋಣ ಕಣವ್ವ. ಪಹಣಿಯಲ್ಲಿ ಇನ್ನೂ ಅಪ್ಪನ ಹೆಸರೇ ಇದೆ. ಖಾತೆಯಾಗುವವರೆಗೆ ಸೊಸೈಟಿಯವರು ಬೆಳೆಸಾಲ ಕೊಡುವುದಿಲ್ಲವಂತೆ."

ಸುಶೀಲಾ ಹಕ್ಕು ಖುಲಾಸೆ ಪತ್ರವನ್ನು ಎರಡು ಸಲ ಓದಿದಳು. 'ಮದುವೆಯ ಕಾಲದಲ್ಲಿ ಒಡವೆ ವಸ್ತ್ರಗಳನ್ನು ಪಡೆದು ಸಂತೃಪ್ತಳಾಗಿರುವುದರಿಂದ' ಎಂಬ ಸಾಲಿನ ಮೇಲೆ ಅವಳ ಬೆರಳು ನಿಂತಿತು.

"ಅಣ್ಣ, ಈ ಮಾತನ್ನು ಬರೆಸಿದವರು ಯಾರು?"

"ಪತ್ರ ಬರೆಯುವವರು ಎಲ್ಲ ಹೆಣ್ಣುಮಕ್ಕಳಿಗೂ ಹಾಗೆಯೇ ಬರೆಯುತ್ತಾರೆ."

"ಆ ಒಡವೆ ಎಲ್ಲಿ ಹೋಯಿತೆಂದು ಅವರಿಗೆ ಗೊತ್ತಿಲ್ಲ, ನಿನಗೆ ಗೊತ್ತಿದೆ. 2003ರ ಬರದಲ್ಲಿ ನಾಲೆಗೆ ನೀರಿಲ್ಲದೆ ಕಬ್ಬು ಒಣಗುತ್ತಿದ್ದಾಗ ನೀನು ಮೈಸೂರಿನ ನಮ್ಮ ಬಾಗಿಲಿಗೆ ಬಂದು ಮಾತು ಹೊರಡದೆ ನಿಂತೆ. ನಾಲ್ಕೂ ಬಳೆಗಳನ್ನು ಕಳಚಿಕೊಟ್ಟೆ. ಕೊಳವೆಬಾವಿ ಬಂತು, ಬಳೆ ಬರಲಿಲ್ಲ. ನಾನು ಒಂದು ದಿನವಾದರೂ ಕೇಳಿದೆನಾ?"

ಶಿವಣ್ಣನಿಗೆ ಇದನ್ನು ಅಲ್ಲಗಳೆಯಲು ಸಾಧ್ಯವಿರಲಿಲ್ಲ. ಆದರೆ ಎಷ್ಟೋ ವರ್ಷಗಳಿಂದ ಯಾರೂ ಕೇಳದೆ ಉಳಿದ ತನ್ನ ಲೆಕ್ಕವೂ ಆ ಗಳಿಗೆಯಲ್ಲೇ ಗಂಟಲಿಗೆ ಬಂದಿತು.

"ಬಳೆಯ ಲೆಕ್ಕ ಹೇಳಿದೆ, ಸರಿ. ಅಪ್ಪನ ಲೆಕ್ಕ ಯಾರು ಹೇಳಬೇಕು? ಲಕ್ವ ಹೊಡೆದು ಮಲಗಿದ ನಾಲ್ಕು ವರ್ಷ ಎತ್ತಿ ಕೂರಿಸಿದವನು ನಾನು, ಹೇಲು ಉಚ್ಚೆ ಬಾಚಿದವಳು ನಿನ್ನ ಅತ್ತಿಗೆ. ನೀನು ತಿಂಗಳಿಗೊಂದು ಭಾನುವಾರ ಮೂಸಂಬಿ ಹಿಡಿದು ಬಂದು, ಐದು ಗಂಟೆಯ ಬಸ್ಸಿಗೆ ಹೊರಡುತ್ತಿದ್ದೆ. ಆಮೇಲೆ ಅಪ್ಪ ಬಂದವರಿಗೆಲ್ಲ, ಮಗಳು ಬಂದಿದ್ದಳು ಮಗಳು ಬಂದಿದ್ದಳು ಎಂದು ವಾರವೆಲ್ಲ ಹೇಳುತ್ತಿದ್ದ. ಮಗ ಇದ್ದಾನೆ ಎಂದು ಒಂದು ಸಲವೂ ಹೇಳಲಿಲ್ಲ."

"ನಮ್ಮ ಅತ್ತೆಯೂ ಆಗ ಹಾಸಿಗೆ ಹಿಡಿದಿದ್ದರು. ಆ ಐದು ಗಂಟೆಯ ಬಸ್ಸು ನನ್ನನ್ನು ಸಿನಿಮಾಕ್ಕೆ ಕರೆದೊಯ್ಯುತ್ತಿರಲಿಲ್ಲ ಅಣ್ಣ."

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಅತ್ತಿಗೆ ಕೇಳಿಸಿಕೊಳ್ಳುತ್ತಿದ್ದಳು.

ಶಿವಣ್ಣ ದನಿ ತಗ್ಗಿಸಿದನು. "ನಿನ್ನ ಮದುವೆ 1992ರಲ್ಲಾಯಿತು. 1994ರ ಕಾನೂನಿಗಿಂತ ಮೊದಲು ಮದುವೆಯಾದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಪಾಲಿಲ್ಲವೆಂದು ತಿಳಿದವರೇ ಹೇಳಿದ್ದಾರೆ."

"ಅದು ನಮ್ಮ ರಾಜ್ಯದ ಹಳೆಯ ತಿದ್ದುಪಡಿ. 2005ರಲ್ಲಿ ಕೇಂದ್ರದ ಕಾನೂನೇ ಬದಲಾಯಿತು. ಮಗಳಿಗೂ ಹುಟ್ಟಿನಿಂದಲೇ ಹಕ್ಕು ಬರುತ್ತದೆ ಎಂದು 2020ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಹಾಗೆ ನೋಡಿದರೆ ತೊಂಬತ್ತು ಗುಂಟೆಯಲ್ಲಿ ನಲವತ್ತೈದು ನನ್ನದು. ನಾನು ಕೇಳುತ್ತಿರುವುದು ಹತ್ತೇ ಗುಂಟೆ, ನಾಲೆಯ ಕಡೆಯದು. ಪಹಣಿಯ ಒಂದು ಮೂಲೆಯಲ್ಲಾದರೂ ನನ್ನ ಹೆಸರಿರಲಿ."

"ನಾಲೆಯ ಕಡೆಯ ಹತ್ತು ಗುಂಟೆ! ಕೊಳವೆಬಾವಿ ಇರುವುದೇ ಅಲ್ಲಿ. ಕಟ್ಟುನೀರಿನ ದಿನಗಳಲ್ಲಿ ಉಳಿದ ಎರಡು ಎಕರೆಗೆ ನಾನು ಯಾವ ನೀರು ಹಾಯಿಸಲಿ?"

"ಆ ಕೊಳವೆಬಾವಿ ಯಾವುದರಿಂದ ಬಂತು?"

"ಬಾವಿ ನಿನ್ನ ಬಳೆಯಿಂದ ಬಂತು, ಒಪ್ಪಿದೆ. ಸುಟ್ಟ ಮೋಟಾರನ್ನು ಮೂರು ಸಲ ಕಟ್ಟಿಸಿದ್ದು ಯಾರ ದುಡ್ಡಿನಿಂದ? ನಾಳೆ ನಿನ್ನ ಮಗ, ಹೆದ್ದಾರಿ ಹತ್ತಿರವಿದೆ ಎಂದು ಅದನ್ನು ಸೈಟು ಮಾಡಿ ಮಾರಿದರೆ ನಾನು ಯಾರ ಕಾಲು ಹಿಡಿಯಲಿ?"

"ನೀನು ಮಾರುವುದಿಲ್ಲವೆಂದು ಬರೆದುಕೊಡುತ್ತೀಯಾ?"

ಮಗಳ ಮದುವೆ ಎದುರಿಗಿದ್ದ ಶಿವಣ್ಣ ಉತ್ತರ ಕೊಡಲಿಲ್ಲ. ಉತ್ತರವಿಲ್ಲದ ಮನುಷ್ಯ ಆಡಬಾರದ ಮಾತನ್ನೇ ಆಡುತ್ತಾನೆ.

"ಪಾಲು ತೆಗೆದುಕೊಂಡು ಹೋಗು. ಗೌರಿಹಬ್ಬಕ್ಕೆ ಬಾಗಿನ ಬರಲಿಲ್ಲವೆಂದು ಮಾತ್ರ ಆಮೇಲೆ ದಾರಿ ಕಾಯಬೇಡ."

ಸುಶೀಲಾಳ ಮುಖ ಬಿಳಿಚಿಕೊಂಡಿತು. ಅವ್ವ ಹೋದ ಮೇಲೂ ಮೊರದ ಬಾಗಿನ ತಪ್ಪದೆ ಬರುತ್ತಿತ್ತು. ಅದನ್ನು ಅಣ್ಣನೇ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತರುತ್ತಿದ್ದನು.

"ನನ್ನ ಸಹಿಯ ಬೆಲೆ ಒಂದು ಮೊರ ಎಂದು ಇಷ್ಟು ವರ್ಷ ನನಗೆ ತಿಳಿದಿರಲಿಲ್ಲ," ಎಂದು ಅವಳು ಕಾಗದವನ್ನು ಮಡಿಸಿ ಅವನ ಕಡೆಗೆ ಸರಿಸಿದಳು.

"ಶಿವಣ್ಣ, ತೂಬಿನಲ್ಲಿ ನೀರು ಬಂತು, ಸರದಿ ನಿನ್ನದು," ಎಂದು ಬೀದಿಯಿಂದ ಯಾರೋ ಕೂಗಿದರು. ಅವನು ಗುದ್ದಲಿ, ಬ್ಯಾಟರಿ ತೆಗೆದುಕೊಂಡು ಹೊಸಿಲು ದಾಟಿದನು. ಅತ್ತಿಗೆ ಒಳಗಿನಿಂದ ಬಂದು, ಏನೂ ಮಾತನಾಡದೆ, ಗೋಡೆಯ ಪಕ್ಕಕ್ಕೆ ಹಾಸಿಗೆ ಬಿಚ್ಚಿದಳು.

"ಬೆಳಿಗ್ಗೆ ಆರರ ಬಸ್ಸಿಗೆ ಹೊರಡುತ್ತೇನೆ," ಎಂದಳು ಸುಶೀಲಾ, ಅಣ್ಣನಿಗೆ ಕೇಳಿಸುವಷ್ಟು ಗಟ್ಟಿಯಾಗಿ.

ಅವನ ಹೆಜ್ಜೆ ಅಂಗಳದಲ್ಲಿ ನಿಂತಿತು.

"ಆರರ ಬಸ್ಸು ನಿಲ್ಲಿಸಿ ಬಹಳ ದಿನವಾಯಿತು. ಈಗ ಇರುವುದು ಏಳಕ್ಕೆ."