ಇಳಕಲ್ ಕೈಮಗ್ಗದ ಸೀರೆಗಳು: ಬೆಲೆಪಟ್ಟಿ, ಪುಟ 4, ಟೋಪ್ ತೆನೆ ಸೆರಗಿನವು

ಈ ಪುಟದ ಮೂರೂ ಚಿತ್ರಗಳನ್ನು ಹಗಲು ಬೆಳಕಿನಲ್ಲಿ ಒಂದೇ ದೂರದಿಂದ ತೆಗೆದು, ಒಂದೇ ಅಳತೆಯ ಚೌಕಕ್ಕೆ ಕತ್ತರಿಸಲಾಗಿದೆ. ಪ್ರತಿ ಚೌಕದಲ್ಲೂ ಎಡಕ್ಕೆ ಒಡಲು, ಬಲಕ್ಕೆ ಸೆರಗು, ಕೆಳಗೆ ದಡಿ ಇದ್ದು, ಒಡಲನ್ನೂ ಸೆರಗನ್ನೂ ಕೂಡಿಸುವ ಕೊಂಡಿಯ ಗೆರೆ ನಟ್ಟನಡುವೆ ಬರುತ್ತದೆ. ಕಳೆದ ಪಟ್ಟಿಯಲ್ಲಿ ಒಂದು ಚಿತ್ರ ಹತ್ತಿರದ್ದು, ಇನ್ನೊಂದು ದೂರದ್ದು ಆಗಿ, 4 ಇಂಚಿನ ದಡಿಯನ್ನು 6 ಇಂಚಿನದೆಂದು ಗ್ರಾಹಕರು ತಿಳಿಯುವಂತಾಗಿತ್ತು. ಈಗ ದಡಿಗಳನ್ನು ಕಣ್ಣಳತೆಯಲ್ಲೇ ಹೋಲಿಸಬಹುದು.

ಚಿತ್ರ 1. ಇ-401, ಹತ್ತಿ ಒಡಲು, ದಾಳಿಂಬೆ ಕೆಂಪು
ದಿನಬಳಕೆಗೆ ತಕ್ಕ, ಒಗೆದಷ್ಟೂ ಮೆತ್ತಗಾಗುವ ಸೀರೆ.

ಚಿತ್ರ 2. ಇ-402, ಹತ್ತಿ-ರೇಷ್ಮೆ ಒಡಲು, ನವಿಲು ನೀಲಿ
ಒಡಲಿನ ಹಾಸು ರೇಷ್ಮೆ, ಹೊಕ್ಕು ಹತ್ತಿ. ನಮ್ಮಲ್ಲಿ ಹೆಚ್ಚು ಮಾರಾಟವಾಗುವುದು ಇದೇ.

ಚಿತ್ರ 3. ಇ-403, ಶುದ್ಧ ರೇಷ್ಮೆ, ಕಪ್ಪು ಒಡಲು
ಕೆಂಪು ಸೆರಗಿನ ಮೇಲೆ ಬಿಳಿಯಲ್ಲಿ ಮೂಡಿದ ಜೋಳದ ತೆನೆ, ಹಣಿಗೆ ಮತ್ತು ಕೋಟೆಯ ಸಾಲುಗಳು ಕಪ್ಪಿನ ಪಕ್ಕದಲ್ಲಿ ಎದ್ದು ಕಾಣುತ್ತವೆ. ಕೊಂಡಿ ಹಾಕುವಾಗ ಸೆರಗಿನ ಹಾಸಿನ ಒಂದೊಂದು ಎಳೆಯನ್ನೂ ಒಡಲಿನ ಎಳೆಯ ಕುಣಿಕೆಗೆ ಕೈಯಿಂದಲೇ ಸೇರಿಸಬೇಕಾಗಿರುವುದರಿಂದ, ಇಂಥ ಸೀರೆಗೆ ಹಾಸನ್ನು ಒಂದೊಂದಾಗಿಯೇ ಸಿದ್ಧಪಡಿಸಲಾಗುತ್ತದೆ. ಸೀರೆಯನ್ನು ತಿರುವಿ ಈ ಗೆರೆಯ ಮೇಲೆ ಬೆರಳಾಡಿಸಿದರೆ ಕುಣಿಕೆಗಳ ಸಣ್ಣ ಉಬ್ಬು ಕೈಗೆ ತಗಲುತ್ತದೆ.

| ವಿವರ | ಇ-401 | ಇ-402 | ಇ-403 |
|:--|:--|:--|:--|
| ಹಾಸು (ಒಡಲು) | ಹತ್ತಿ | ರೇಷ್ಮೆ | ರೇಷ್ಮೆ |
| ಹೊಕ್ಕು | ಹತ್ತಿ | ಹತ್ತಿ | ರೇಷ್ಮೆ |
| ಸೆರಗಿನ ಹಾಸು | ಕೃತಕ ರೇಷ್ಮೆ | ರೇಷ್ಮೆ | ರೇಷ್ಮೆ |
| ದಡಿ | ಚಿಕ್ಕಿ, 4 ಇಂಚು | ಗೋಮಿ, 4 ಇಂಚು | ಗೋಮಿ, 6 ಇಂಚು |
| ಉದ್ದ | 5.5 ಮೀ. | 5.5 ಮೀ. | 5.5 ಮೀ. |
| ಅಗಲ | 48 ಇಂಚು | 48 ಇಂಚು | 48 ಇಂಚು |
| ಒಗೆಯುವ ಬಗೆ | ತಣ್ಣೀರು, ನೆರಳು | ಡ್ರೈ ಕ್ಲೀನ್ | ಡ್ರೈ ಕ್ಲೀನ್ |

ಈ ಸೀರೆಗಳಿಗೆ ಕುಪ್ಪಸದ ಬಟ್ಟೆ ಸೇರಿರುವುದಿಲ್ಲ. ಗುಳೇದಗುಡ್ಡದ ಖಣ ಬೇಕಾದವರು ಪುಟ 9 ನೋಡಬೇಕು. ಕಚ್ಚೆ ಹಾಕಿ ಉಡುವವರಿಗೆ ಇ-401 ಮಾತ್ರ 8.2 ಮೀಟರಿನಲ್ಲೂ ಸಿಗುತ್ತದೆ.

| ಸಂಖ್ಯೆ | ಬಿಡಿ ಬೆಲೆ (₹) | 5ಕ್ಕಿಂತ ಹೆಚ್ಚಾದರೆ, ತಲಾ (₹) | ಕಳಿಸುವ ಅವಧಿ |
|:--|--:|--:|:--|
| ಇ-401 | 1,950 | 1,780 | 3 ದಿನ |
| ಇ-401, 8.2 ಮೀ. | 2,850 | 2,600 | 12 ದಿನ |
| ಇ-402 | 4,600 | 4,250 | 3 ದಿನ |
| ಇ-403 | 11,400 | 10,700 | 25 ದಿನ |

ಬೆಲೆಯಲ್ಲಿ ತೆರಿಗೆ ಸೇರಿದ್ದು, ಅಂಚೆ ವೆಚ್ಚ ಪ್ರತ್ಯೇಕ. ಇ-403 ಸೀರೆಯನ್ನು ಬೇಡಿಕೆ ಬಂದ ಮೇಲೆಯೇ ನೇಯುವುದರಿಂದ ಅರ್ಧ ಹಣವನ್ನು ಮುಂಗಡವಾಗಿ ಪಡೆಯಲಾಗುತ್ತದೆ. ಕೈಮಗ್ಗದ ನೇಯ್ಗೆಯಲ್ಲಿ ಉದ್ದ ಒಂದೆರಡು ಇಂಚು ಹೆಚ್ಚುಕಡಿಮೆ ಆಗಬಹುದು. ಕೊಂಡಿ ಬಿಟ್ಟಿರುವುದು ಕಂಡುಬಂದರೆ 10 ದಿನದೊಳಗೆ ಸೀರೆಯನ್ನು ಬದಲಿಸಿ ಕೊಡಲಾಗುವುದು.